‘ಸೋಮವಾರ ಪಕ್ಕಾ ಸಾವ್ಕಾರ್ರೇ’: ಒಂದು ದಿನಸಿ ಅಂಗಡಿಯ ಬಾಕಿ ಲೆಕ್ಕ

2025ರ ಜುಲೈ 11, ಶುಕ್ರವಾರ. ಆಷಾಢ ಮುಗಿಯಲು ಇನ್ನೆರಡು ವಾರ ಇತ್ತು. ಶ್ರಾವಣಕ್ಕೆ ಸರಕು ತುಂಬಿಸಿಕೊಳ್ಳಬೇಕಾದ ಹೊತ್ತು. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ದಿನಸಿ ಅಂಗಡಿ ಯಜಮಾನರು ಯಶವಂತಪುರದ ಮಂಡಿಗೆ ಬೇಳೆ, ಸಕ್ಕರೆ ಬರೆಸಿದ್ದರು. ಲಾರಿ ಬಂತು, ಇವರ ಮೂಟೆ ಬರಲಿಲ್ಲ. ಫೋನ್ ಮಾಡಿದರೆ ಮಂಡಿಯ ಗುಮಾಸ್ತ ಒಂದೇ ಮಾತು ಹೇಳಿದ: ‘ಹಳೇ ಬಾಕಿ ನಿಂತಿದೆ ಯಜಮಾನ್ರೇ, ಸಾವ್ಕಾರ್ರು ಹತ್ತಿಸಬೇಡ ಅಂದಿದಾರೆ.’

ಯಜಮಾನರಿಗೆ ಸಿಟ್ಟು. ‘ಮೊನ್ನೆ ಮೊನ್ನೆ ಮೂವತ್ತು ಸಾವಿರ ಹಾಕಿದೀನಿ, ಹುಡುಗನ ಕೈಲಿ ಎಂಟು ಕೊಟ್ಟಿದೀನಿ, ಇನ್ಯಾವ ಹಳೇ ಬಾಕಿ?’ ನಾನು ಈ ಅಂಗಡಿಯ ಲೆಕ್ಕ ಬರೆಯುವವನು. ಶನಿವಾರ ಸಂಜೆ ಗಲ್ಲಾಪೆಟ್ಟಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಅವರ ಫೋನ್ ಇಸ್ಕೊಂಡು ಮಂಡಿ ಸಾಹುಕಾರರ ಜೊತೆಗಿನ ವಾಟ್ಸಾಪ್ ಮಾತನ್ನ ಜೂನ್ ಒಂದರಿಂದ ಓದುತ್ತಾ ಬಂದೆ. ದುಡ್ಡಿನ ವಿಷಯಕ್ಕೆ ಸಂಬಂಧಿಸಿದ್ದು ಒಟ್ಟು ಐದೇ ಐದು ಸಾಲು:

> ಜೂನ್ 18: ಒಂದ್ ಮೂಟೆ ಒದ್ದೆ ಆಗಿದೆ ಕಟ್ ಮಾಡ್ಕೊಳಿ
> ಜೂನ್ 20: 30 ಹಾಕಿದೀನಿ ನೋಡ್ಕೊಳಿ. ಉಳಿದಿದ್ದು ಸೋಮವಾರ
> ಜೂನ್ 27: ಸೋಮವಾರ ಪಕ್ಕಾ ಸಾವ್ಕಾರ್ರೇ
> ಜೂನ್ 30: ಹುಡುಗನ ಕೈಲಿ ಕೊಟ್ಟಿದೀನಿ
> ಜುಲೈ 4: ಈ ಸೋಮವಾರ ಮಿಸ್ ಇಲ್ಲ

ಸಾಹುಕಾರರ ಉತ್ತರ ಎಲ್ಲದಕ್ಕೂ ಒಂದೇ, ಹೆಬ್ಬೆರಳು ಎತ್ತಿದ ಚಿತ್ರ. ಒದ್ದೆ ಮೂಟೆಗೂ ಹೆಬ್ಬೆರಳು, ಸೋಮವಾರಕ್ಕೂ ಹೆಬ್ಬೆರಳು. ಅದು ‘ಒಪ್ಪಿದೆ’ ಅಂತಲೋ, ‘ನೋಡಿದೆ’ ಅಂತಲೋ, ‘ಆಯ್ತು ಮಾರಾಯ, ಆಮೇಲೆ ಮಾತಾಡೋಣ’ ಅಂತಲೋ, ಹಾಕಿದವರಿಗೂ ಈಗ ನೆನಪಿರಲಿಕ್ಕಿಲ್ಲ.

ಎರಡು ಲೆಕ್ಕ, ಒಂದೇ ಖಾತೆ

ಮಂಡಿಯಿಂದ ಖಾತೆ ವಿವರ ತರಿಸಿಕೊಂಡೆ. ಜೂನ್‌ನಲ್ಲಿ ಮೂರು ಬಿಲ್ಲು ಬಂದಿದ್ದವು. ಜೂನ್ 3ರ ಬಿಲ್ 412, ₹48,600. ಜೂನ್ 17ರ ಬಿಲ್ 467, ₹36,250. ಜೂನ್ 28ರ ಬಿಲ್ 503, ₹22,900. ಒಟ್ಟು ₹1,07,750. ಇಲ್ಲಿಯವರೆಗೆ ಇಬ್ಬರದ್ದೂ ಒಂದೇ ಅಂಕಿ.

ಯಜಮಾನರು ಇದರಲ್ಲಿ ಯುಪಿಐನಲ್ಲಿ ಹಾಕಿದ 30,000, ವಸೂಲಿ ಹುಡುಗನಿಗೆ ಕೊಟ್ಟ 8,000, ಒದ್ದೆ ಮೂಟೆಯ 3,300 ಕಳೆದು ₹66,450 ಕೊಡಬೇಕು ಅಂದುಕೊಂಡಿದ್ದರು. ಮಂಡಿಯ ಖಾತೆಯಲ್ಲಿ ಇದ್ದದ್ದು ₹88,950. ವ್ಯತ್ಯಾಸ ₹22,500. ಸಾಲು ಸಾಲಾಗಿ ಬಿಡಿಸಿದಾಗ ಅದು ಮೂರು ತುಂಡಾಯಿತು. ಎಂಟು ಸಾವಿರ ಖಾತೆಗೆ ಹತ್ತೇ ಇಲ್ಲ. ಮೂಟೆಯ 3,300 ಯಾರೂ ಕಳೆದಿಲ್ಲ. ಉಳಿದ 11,200 ಮಾರ್ಚ್‌ನ ಒಂದು ಬಿಲ್ಲು.

ಆ ಮಾರ್ಚ್ ಬಿಲ್ಲನ್ನ ಯಜಮಾನರು ‘ಕೊಟ್ಟಾಗಿದೆ’ ಅಂತ ಗಟ್ಟಿಯಾಗಿ ಹೇಳಿದರು. ಹುಡುಕಿದೆವು. ಊದುಬತ್ತಿ ಡಬ್ಬಿಯ ಕೆಳಗೆ ಸಿಕ್ಕಿತು, ‘ಚುಕ್ತಾ’ ಅಂತ ಎಲ್ಲೂ ಬರೆದಿಲ್ಲ, ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಆ ಮೊತ್ತ ಹೋಗಿಲ್ಲ. ಅಂದರೆ ಆ ಒಂದು ವಿಷಯದಲ್ಲಿ ಮಂಡಿಯವರೇ ಸರಿ. ಯಜಮಾನರು ಸುಮ್ನೆ ಟೀ ತರಿಸಿದರು.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬಿದ್ದಿತ್ತು. ಹಾಕಿದ ಮೂವತ್ತು ಸಾವಿರ ಯಾವ ಬಿಲ್ಲಿಗೆ ಅಂತ ಇವರು ಹೇಳಿರಲಿಲ್ಲ. ಹಾಗಾಗಿ ಗುಮಾಸ್ತ ಮೊದಲು ಮಾರ್ಚ್‌ನ 11,200 ತೀರಿಸಿಕೊಂಡು, ಮಿಕ್ಕ 18,800 ಮಾತ್ರ ಬಿಲ್ 412ಕ್ಕೆ ಜಮೆ ಮಾಡಿದ್ದ. ಹುಡುಗನಿಗೆ ಕೊಟ್ಟ ಎಂಟು ಸಾವಿರವನ್ನೂ ಕಳೆದು ಇವರ ಲೆಕ್ಕದಲ್ಲಿ 412ರಲ್ಲಿ ಉಳಿದದ್ದು ₹10,600. ಅವನ ಲೆಕ್ಕದಲ್ಲಿ ₹29,800. ಆ ಮಂಡಿಯಲ್ಲಿ ಒಂದು ತಿಂಗಳ ಉದ್ರಿ. ಜೂನ್ 3ರ ಬಿಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ನಿಂತಿದೆ ಅಂತ ಕಂಡಾಗ ಸಾಹುಕಾರರು ಲಾರಿ ತಡೆದರು. ಅವರ ಜಾಗದಲ್ಲಿ ನಾನಿದ್ದರೂ ತಡೆಯುತ್ತಿದ್ದೆ.

ಗುಮಾಸ್ತ ಮಾಡಿದ್ದು ಮೋಸವೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 59, 60, 61ನೇ ಸೆಕ್ಷನ್‌ಗಳು ಇದನ್ನೇ ಹೇಳುತ್ತವೆ. ಹಲವು ಬಾಕಿ ಇರುವಾಗ ಕೊಡುವವನು ‘ಇದು ಇಂಥ ಬಾಕಿಗೆ’ ಅಂತ ಹೇಳಿ ಕೊಟ್ಟರೆ, ದುಡ್ಡು ತೆಗೆದುಕೊಂಡವನು ಅದಕ್ಕೇ ಜಮೆ ಮಾಡಬೇಕು. ಹೇಳದೆ ಕೊಟ್ಟರೆ, ಯಾವುದಕ್ಕೆ ಅಂತ ಬೇರೆ ರೀತಿಯಲ್ಲೂ ಗೊತ್ತಾಗದಿದ್ದರೆ, ಆಯ್ಕೆ ತೆಗೆದುಕೊಂಡವನದ್ದು. ಇಬ್ಬರೂ ಹೇಳದಿದ್ದರೆ ಹಳೆಯದರಿಂದ ಶುರು. ‘30 ಹಾಕಿದೀನಿ ನೋಡ್ಕೊಳಿ’ ಅಂದಾಗ ಯಜಮಾನರು ತಮ್ಮ ಆಯ್ಕೆಯನ್ನ ಗುಮಾಸ್ತನ ಕೈಗೆ ಕೊಟ್ಟುಬಿಟ್ಟರು.

ಆ ಐದು ಸಾಲನ್ನ ಮತ್ತೆ ಬರೆದದ್ದು

ಒಂದು ಹಾಳೆ ತೆಗೆದುಕೊಂಡು, ಪ್ರತಿ ಮೆಸೇಜಿನ ಪಕ್ಕದಲ್ಲಿ ಅದು ಹೇಗಿರಬೇಕಿತ್ತು ಅಂತ ಬರೆದೆವು. ನಾನು ಬರೆದ ಮೊದಲ ಕರಡು ಓದಿ ಯಜಮಾನರು ನಕ್ಕರು: ‘ಇದೇನಪ್ಪಾ, ವಕೀಲರ ನೋಟಿಸ್ ಥರ ಐತೆ. ಇಪ್ಪತ್ತು ವರ್ಷದ ಸಾವ್ಕಾರ್ರಿಗೆ ಹಿಂಗೆ ಬರೀತಾರಾ?’ ಮಾತು ನಿಜ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಅಂತ ಬರೆದರೆ ಎದುರಿನವರು ‘ಇವನಿಗೇನೋ ಆಗಿದೆ’ ಅಂದುಕೊಳ್ಳುತ್ತಾರೆ. ಅದಕ್ಕೇ ಮಾತಿನ ಧಾಟಿ ಅವರದ್ದೇ ಇರಲಿ, ಒಳಗೆ ಅಂಕಿ ಮತ್ತು ತಾರೀಕು ಸೇರಲಿ ಅಂತ ತೀರ್ಮಾನ ಮಾಡಿದೆವು. ಜೂನ್ 20ರ ಮೆಸೇಜು ಹೀಗಾಯಿತು:

> ಸಾವ್ಕಾರ್ರೇ ನಮಸ್ಕಾರ. ಇವತ್ತು ಜೂನ್ 20, ₹30,000 (ಮೂವತ್ತು ಸಾವಿರ) ಯುಪಿಐನಲ್ಲಿ ಹಾಕಿದೀನಿ. ಮಗನ ಫೋನಿಂದ ಹಾಕಿದ್ದು, ಅವನ ಹೆಸರಲ್ಲಿ ಬಂದಿರುತ್ತೆ. ಯುಟಿಆರ್ ಕೊನೇ ನಾಲ್ಕಂಕಿ 7316. ಇದು ಜೂನ್ 3ರ ಬಿಲ್ 412ಕ್ಕೆ ಜಮೆ ಮಾಡ್ಸಿ. ಆ ಬಿಲ್ಲಲ್ಲಿ ಇನ್ನು ₹18,600 ಉಳೀತು. ಅದನ್ನ ಜುಲೈ 9 ಬುಧವಾರ ಹಾಕ್ತೀನಿ. ಸರಿ ಇದ್ರೆ ‘412ಕ್ಕೆ ಜಮೆ’ ಅಂತ ಒಂದು ಸಾಲು ಹಾಕಿ.

ಇದರಲ್ಲಿ ಪ್ರತಿ ಮಾತಿಗೂ ಒಂದು ಕಾರಣ ಇದೆ. ‘30’ ಅಂದರೆ ಮೂವತ್ತು ಸಾವಿರ ಅಂತ ಇವತ್ತು ಇಬ್ಬರಿಗೂ ಗೊತ್ತು, ಆದರೆ ಆರು ತಿಂಗಳ ಮೇಲೆ ಹೊಸ ಗುಮಾಸ್ತ ಓದಿದರೆ ಅದು ಮೂವತ್ತು ಮೂಟೆಯೂ ಆಗಬಹುದು. ಅಂಕಿ ತಪ್ಪಿ ಒಂದು ಸೊನ್ನೆ ಬಿದ್ದರೆ ಅಕ್ಷರದಲ್ಲಿ ಬರೆದದ್ದು ಕಾಪಾಡುತ್ತದೆ. ಬಿಲ್ ನಂಬರಿನ ಜೊತೆ ತಾರೀಕೂ ಬೇಕು, ಯಾಕೆಂದರೆ ಅಲ್ಲಿ ಪ್ರತಿ ಏಪ್ರಿಲ್‌ಗೆ ನಂಬರು ಮತ್ತೆ ಒಂದರಿಂದ ಶುರುವಾಗುತ್ತದೆ. ಹೋದ ವರ್ಷವೂ ಒಂದು 412 ಇತ್ತು.

ಮಗನ ಹೆಸರಿನ ವಿಷಯ ಇನ್ನೂ ಮುಖ್ಯ. ಮಂಡಿಗೆ ದಿನಕ್ಕೆ ಹತ್ತಾರು ಯುಪಿಐ ಬರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಂಗಡಿ ಹೆಸರು ಕಾಣುವುದಿಲ್ಲ, ಕಳಿಸಿದವನ ಹೆಸರು ಕಾಣುತ್ತದೆ. ಮಗನ ಹೆಸರಲ್ಲಿ ಬಂದ ಈ ಮೂವತ್ತು ಸಾವಿರ ಯಾರದ್ದು ಅಂತ ತಿಳಿಯದೆ ಆರು ದಿನ ಯಾರ ಖಾತೆಗೂ ಹೋಗದೆ ಕೂತಿತ್ತು ಅಂತ ಗುಮಾಸ್ತ ಆಮೇಲೆ ಹೇಳಿದ. ಯುಪಿಐನ ಯುಟಿಆರ್, ಅಂದರೆ ಆ ಪಾವತಿಯ ಗುರುತಿನ ನಂಬರು, 12 ಅಂಕಿಯದ್ದು. ಇಡೀ ನಂಬರು ಕಳಿಸಿದರೆ ಇನ್ನೂ ಒಳ್ಳೆಯದು. ಕೊನೆಯ ನಾಲ್ಕು, ತಾರೀಕು, ಮೊತ್ತ ಇಷ್ಟಿದ್ದರೂ ಅವನು ಹುಡುಕಿಕೊಳ್ಳುತ್ತಾನೆ.

ಒದ್ದೆ ಮೂಟೆಯ ಮೆಸೇಜು ಬರೆಯುವಾಗ ಸ್ವಲ್ಪ ಜಗ್ಗಾಟ ಆಯಿತು. ‘ಕಟ್ ಮಾಡ್ಕೊಳಿ’ ಅನ್ನುವುದು ಅಪ್ಪಣೆಯೋ, ಕೋರಿಕೆಯೋ? ಎಷ್ಟು ಕಟ್ ಮಾಡಬೇಕು? ಹೊಸದಾಗಿ ಬರೆದದ್ದು:

> ಸಾವ್ಕಾರ್ರೇ, ಜೂನ್ 17ರ ಬಿಲ್ 467ರಲ್ಲಿ ಬಂದ 4 ಮೂಟೆ ತೊಗರಿಬೇಳೇಲಿ ಒಂದು ಮೂಟೆ (30 ಕೆಜಿ) ಲಾರೀಲೇ ಒದ್ದೆ ಆಗಿದೆ. ಇಳಿಸುವಾಗ ತೆಗೆದ ಫೋಟೋ ಹಾಕಿದೀನಿ. ಕೆಜಿಗೆ ₹110ರಂತೆ ₹3,300 ಆಗುತ್ತೆ. ಇದಕ್ಕೆ ಕ್ರೆಡಿಟ್ ನೋಟ್ ಕೊಡ್ತೀರಾ, ಇಲ್ಲ ಮೂಟೆ ವಾಪಸ್ ಹತ್ತಿಸ್ಲಾ? ಸದ್ಯಕ್ಕೆ 467ರಲ್ಲಿ ₹32,950ಕ್ಕೆ ನನ್ನ ತಕರಾರಿಲ್ಲ. ₹3,300 ನೀವು ಹೇಳಿದ ಮೇಲೆ ನೋಡೋಣ.

ಕೊನೆಯ ಎರಡು ವಾಕ್ಯ ನನ್ನ ಹಟ. ಒಪ್ಪಿದ್ದು ಎಷ್ಟು, ಜಗಳದಲ್ಲಿ ಇರುವುದು ಎಷ್ಟು ಅಂತ ಬೇರೆ ಬೇರೆ ಬರೆಯಬೇಕು. ಬಾಕಿ ಇದೆ ಅಂತ ಬರೆದುಕೊಡುವುದಕ್ಕೆ ಕಾನೂನಿನಲ್ಲಿ ತೂಕ ಇದೆ. 1963ರ ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಗಡುವು ಮುಗಿಯುವ ಮೊದಲು ಸಾಲಗಾರ ಸಹಿ ಹಾಕಿ ಬಾಕಿ ಒಪ್ಪಿ ಬರೆದುಕೊಟ್ಟರೆ ವಸೂಲಿಯ ಗಡುವು ಅವತ್ತಿನಿಂದ ಹೊಸದಾಗಿ ಶುರುವಾಗುತ್ತದೆ. ವಾಟ್ಸಾಪ್ ಮಾತನ್ನೂ ಕೋರ್ಟಿನಲ್ಲಿ ಪುರಾವೆಯಾಗಿ ಮುಂದಿಡಬಹುದು. ಸ್ಪಷ್ಟವಾಗಿ ಬರೆಯುವುದು ಅಂದರೆ ಎದುರಿನವರು ಹೇಳಿದ ಮೊತ್ತಕ್ಕೆಲ್ಲ ‘ಹೂಂ’ ಅನ್ನುವುದಲ್ಲ. ಪೂರಾ 36,250 ಬಾಕಿ ಅಂತ ಒಪ್ಪಿ ಬರೆದು, ಆಮೇಲೆ ಮೂಟೆ ಒದ್ದೆ ಅಂದರೆ ಕೇಳುವವರು ಕಡಿಮೆ.

‘ಹುಡುಗನ ಕೈಲಿ ಕೊಟ್ಟಿದೀನಿ’ ಅನ್ನುವುದಕ್ಕೆ ಹೆಚ್ಚು ಬರೆಯುವುದೇನಿರಲಿಲ್ಲ. ಹುಡುಗ ಅಂಗಡಿ ಬಿಟ್ಟು ಹೋಗುವ ಮೊದಲೇ, ಅವನು ಎದುರಿಗೆ ನಿಂತಿರುವಾಗಲೇ ಸಾಹುಕಾರರಿಗೆ ಹೋಗಬೇಕಾದ ಮೆಸೇಜು ಅದು: ‘ನಿಮ್ಮ ವಸೂಲಿ ಹುಡುಗನಿಗೆ ಈಗ ಸಂಜೆ 4ಕ್ಕೆ ನಗದು ₹8,000 (ಎಂಟು ಸಾವಿರ) ಕೊಟ್ಟೆ. ಬಿಲ್ 412ಕ್ಕೆ. ರಸೀದಿ ನಂಬರು ಇಂಥದ್ದು.’ ರಸೀದಿ ಪುಸ್ತಕ ತಂದಿಲ್ಲ ಅಂದರೆ ‘ರಸೀದಿ ಕೊಟ್ಟಿಲ್ಲ, ಚೀಟೀಲಿ ಸಹಿ ಹಾಕಿದಾನೆ’ ಅಂತ ಚೀಟಿಯ ಫೋಟೋ ಜೊತೆ. ಈ ಸಲ ಚೀಟಿ ಇತ್ತು, ಅದೃಷ್ಟ. ಹುಡುಗ ಅವತ್ತು ನಾಲ್ಕೂರು ಸುತ್ತಿ ತಂದ ದುಡ್ಡನ್ನ ಒಟ್ಟಿಗೆ ಕಟ್ಟಿದ್ದ, ಇವರ ಹೆಸರು ಬರೆಯುವುದು ಬಿಟ್ಟುಹೋಗಿತ್ತು.

ಸೋಮವಾರದ ಗುಟ್ಟು

ಮೂರು ಸೋಮವಾರ ಮಾತು ತಪ್ಪಿತ್ತು. ಜೂನ್ 23ಕ್ಕೆ ಏನೂ ಇಲ್ಲ, 30ಕ್ಕೆ ಎಂಟು ಸಾವಿರ, ಜುಲೈ 7ಕ್ಕೆ ಏನೂ ಇಲ್ಲ. ಯಜಮಾನರು ಸುಳ್ಳು ಹೇಳುವ ಜನ ಅಲ್ಲ. ಹಾಗಾದರೆ ಯಾಕೆ ತಪ್ಪಿತು?

ಗಲ್ಲಾ ಪುಸ್ತಕದಲ್ಲಿ ಆರು ವಾರದ ದಿನದ ವ್ಯಾಪಾರ ನೋಡಿದೆ. ಆ ಊರಿನ ಸಂತೆ ಮಂಗಳವಾರ. ಸುತ್ತಲ ಹಳ್ಳಿಯವರು ಸಂತೆಗೆ ಬಂದವರು ವಾರದ ಸಾಮಾನು ಕಟ್ಟಿಸಿಕೊಂಡು ಹೋಗುತ್ತಾರೆ. ಮಂಗಳವಾರದ ವ್ಯಾಪಾರ ಉಳಿದ ದಿನದ ಎರಡೂವರೆ ಪಟ್ಟು. ಸೋಮವಾರ ಇಡೀ ವಾರದಲ್ಲೇ ಗಲ್ಲಾ ಬರಿದಾಗಿರುವ ದಿನ. ಅಂದರೆ ಇವರು ಪ್ರತಿ ಸಲ ದುಡ್ಡು ಬರುವ ಹಿಂದಿನ ದಿನಕ್ಕೇ ಮಾತು ಕೊಡುತ್ತಿದ್ದರು! ಸೋಮವಾರ ಅಂದರೆ ವಾರದ ಶುರು, ಬಾಯಿಗೆ ಬೇಗ ಬರುತ್ತದೆ, ಅಷ್ಟೇ. ಇನ್ನೊಂದು ವಿಷಯ, ಉದ್ರಿ ಗಿರಾಕಿಗಳು. ಅವರಲ್ಲಿ ಹೆಚ್ಚಿನವರು ಸಂಬಳದವರು. ತಿಂಗಳ 5ರ ಮೇಲೆ ತೀರಿಸುತ್ತಾರೆ. ತಿಂಗಳ ಕೊನೆಯ ವಾರ ಯಾವ ದೊಡ್ಡ ಮಾತೂ ಕೊಡಬಾರದ ವಾರ.

ಆದ್ದರಿಂದ ಮಾತು ಕೊಡುವ ದಿನ ಬುಧವಾರ ಅಂತ ಆಯಿತು. ಮಂಗಳವಾರದ ನಗದು ಬುಧವಾರ ಬೆಳಗ್ಗೆ ಬ್ಯಾಂಕಿಗೆ ಕಟ್ಟಿ, ಸಂಜೆಯೊಳಗೆ ಮಂಡಿಗೆ ಹಾಕುವುದು. ದೊಡ್ಡ ಮೊತ್ತಗಳು ತಿಂಗಳ ಮೊದಲ ಅಥವಾ ಎರಡನೇ ಬುಧವಾರಕ್ಕೆ.

ಭಾನುವಾರ ಬೆಳಗ್ಗೆ ಸಾಹುಕಾರರ ಹತ್ತಿರ ಫೋನಿನಲ್ಲಿ ಮಾತಾಡಿದೆವು. ಚೀಟಿ ನೋಡಿ ಎಂಟು ಸಾವಿರ ಒಪ್ಪಿದರು. ಮೂಟೆಯ ವಿಷಯದಲ್ಲಿ ಪೂರಾ ಒಪ್ಪಲಿಲ್ಲ. ‘ಮೇಲಿನ ಹತ್ತು ಕೆಜಿ ಒಣಗಿತ್ತು, ಮಾರಿರ್ತೀರಿ, ಅಲ್ವಾ?’ ಅಂದರು. ಮಾರಿದ್ದು ನಿಜ. 20 ಕೆಜಿಗೆ ₹2,200 ಕ್ರೆಡಿಟ್ ನೋಟ್ ಅಂತ ಆಯಿತು. ಅಲ್ಲಿಗೆ ಒಟ್ಟು ಬಾಕಿ ₹78,750. ಫೋನ್ ಇಟ್ಟ ಹತ್ತು ನಿಮಿಷಕ್ಕೆ ಈ ಮೆಸೇಜು ಹೋಯಿತು:

> ಸಾವ್ಕಾರ್ರೇ, ಈಗ ಫೋನಲ್ಲಿ ಮಾತಾಡಿದ್ದು ಬರೆದು ಹಾಕಿದೀನಿ, ಒಂದ್ಸಲ ನೋಡಿ. ಹುಡುಗನಿಗೆ ಕೊಟ್ಟ ₹8,000, ಬೇಳೆ ಮೂಟೆಯ ₹2,200 ಕಳೆದು ಇವತ್ತಿಗೆ ನನ್ನ ಒಟ್ಟು ಬಾಕಿ ₹78,750.
> ಜುಲೈ 16 ಬುಧವಾರ ₹21,800 (ಮಾರ್ಚ್ ಬಿಲ್ಲಿನ 11,200 + ಬಿಲ್ 412ರ ಉಳಿಕೆ 10,600)
> ಜುಲೈ 23 ಬುಧವಾರ ₹15,000 (ಬಿಲ್ 467ಕ್ಕೆ)
> ಆಗಸ್ಟ್ 6 ಬುಧವಾರ ₹19,050 (ಬಿಲ್ 467 ಚುಕ್ತಾ)
> ಆಗಸ್ಟ್ 13 ಬುಧವಾರ ₹22,900 (ಬಿಲ್ 503 ಚುಕ್ತಾ)
> ಮೊದಲನೇದು ಬಂದ ಮೇಲೆ ಶ್ರಾವಣದ ಸರಕು ಹತ್ತಿಸ್ತೀನಿ ಅಂದ್ರಿ. ಇದರಲ್ಲಿ ಏನಾದ್ರೂ ತಪ್ಪಿದ್ರೆ ಹೇಳಿ, ಸರಿ ಇದ್ರೆ ‘ಸರಿ’ ಅಂತ ಹಾಕಿ.

ಈ ಸಲ ಹೆಬ್ಬೆರಳು ಬರಲಿಲ್ಲ. ‘ಸರಿ. ಹಿಂಗೇ ಇರ್ಲಿ’ ಅಂತ ಬಂತು. ಮಾರ್ಚ್ ಬಿಲ್ಲನ್ನ ಮೊದಲ ಕಂತಿನಲ್ಲೇ ಸೇರಿಸಿದ್ದು ಬೇಕಂತಲೇ. ಹಳೆಯದು ಕಣ್ಣ ಮುಂದೆ ಇರುವವರೆಗೂ ಗುಮಾಸ್ತ ಅದನ್ನೇ ಮೊದಲು ಮುಟ್ಟುತ್ತಾನೆ.

ಮಾತು ತಪ್ಪುವ ದಿನ

ಜುಲೈ 16ರ ₹21,800 ಹೋಯಿತು. ಮರುದಿನ ಸರಕು ಬಂತು, ಹೊಸ ಬಿಲ್ 574, ₹41,300. ಆದರೆ ಜುಲೈ 22ರ ಸಂತೆ ದಿನ ಮಧ್ಯಾಹ್ನದಿಂದ ಮಳೆ ಹಿಡಿಯಿತು. ಸಂಜೆಗೆ ಗಲ್ಲಾದಲ್ಲಿ ಎಲ್ಲಾ ಕಳೆದು ಒಂಬತ್ತು ಸಾವಿರ ಮಾತ್ರ. ಯಜಮಾನರ ಹಳೇ ಅಭ್ಯಾಸ ಅಂದರೆ ಇಂಥ ಹೊತ್ತಲ್ಲಿ ಫೋನ್ ಎತ್ತದಿರುವುದು. ಎರಡು ದಿನ ಬಿಟ್ಟು ‘ಸೋಮವಾರ’ ಅನ್ನುವುದು. ಈ ಸಲ ಮಂಗಳವಾರ ರಾತ್ರಿಯೇ ಬರೆಸಿದೆ:

> ಸಾವ್ಕಾರ್ರೇ, ನಾಳೆ ₹15,000 ಅಂದಿದ್ದೆ. ಸಂತೆ ಮಳೇಲಿ ಹೋಯ್ತು. ನಾಳೆ ₹9,000 ಹಾಕ್ತೀನಿ, ಉಳಿದ ₹6,000 ಜುಲೈ 30 ಬುಧವಾರ. ಎರಡೂ ಬಿಲ್ 467ಕ್ಕೇ. ಆಗಸ್ಟ್ 6 ಮತ್ತು 13ರದ್ದು ಹೇಳಿದಂತೆಯೇ ಇರುತ್ತೆ.

ತಡವಾಗುತ್ತದೆ ಅನ್ನುವ ಮೆಸೇಜಿನಲ್ಲಿ ಎಲ್ಲರೂ ಕಾರಣವನ್ನೇ ಉದ್ದಕ್ಕೆ ಬರೆಯುತ್ತಾರೆ. ಸಾಹುಕಾರರಿಗೆ ಮಳೆಯ ಕಥೆ ಮೂರು ಮಾತಲ್ಲಿ ಸಾಕು. ಅವರೂ ಮುಂದೆ ಯಾರಿಗೋ ಕೊಡಬೇಕು. ಅವರಿಗೆ ಬೇಕಾದದ್ದು ನಾಳೆ ಎಷ್ಟು ಬರುತ್ತದೆ, ಮಿಕ್ಕಿದ್ದು ಎಂದು, ಮತ್ತು ಮುಂದಿನ ತಾರೀಕುಗಳೂ ಜಾರುತ್ತವಾ ಅನ್ನುವುದು. ಕೊನೆಯ ವಾಕ್ಯ ಇಲ್ಲದಿದ್ದರೆ ಅವರು ಇಡೀ ಪಟ್ಟಿಯನ್ನೇ ಅನುಮಾನಿಸುತ್ತಾರೆ.

ಮೆಸೇಜು ತಿದ್ದಿ ಬರೆದ ಆ ಹಾಳೆಯಲ್ಲಿ ಎಣ್ಣೆ ಡಿಸ್ಟ್ರಿಬ್ಯೂಟರ್‌ಗೆ ಹೋಗಿದ್ದ ಒಂದು ಸಾಲೂ ಇತ್ತು: ‘ಚೆಕ್ ಇನ್ನೆರಡು ದಿನ ಹಾಕ್ಬೇಡಿ.’ ಯಾವ ಚೆಕ್? ಎರಡು ದಿನ ಅಂದರೆ ಇವತ್ತು ಸೇರಿಯೋ, ಬಿಟ್ಟೋ? ಬದಲಿಗೆ ಚೆಕ್ ನಂಬರು, ಮೊತ್ತ, ಬ್ಯಾಂಕಿಗೆ ಹಾಕಬಹುದಾದ ತಾರೀಕು ಬರೆದು, ಅವರು ಒಪ್ಪಿದ ಉತ್ತರ ಬರುವವರೆಗೆ ಖಾತೆಯಲ್ಲಿ ಅಷ್ಟು ದುಡ್ಡು ಮುಟ್ಟಬಾರದು ಅಂದೆ. ಕೇಳಿಕೊಂಡ ಮಾತ್ರಕ್ಕೆ ಅವರು ಕಾಯಲೇಬೇಕು ಅಂತಿಲ್ಲ. ಚೆಕ್ ವಾಪಸ್ ಬಂದರೆ ದಂಡವೂ ಉಂಟು, ಕೇಸಿನ ಭಯವೂ ಉಂಟು. ಮುಂಚೆ ಚೆಕ್ ಪಾಸಾಗಲು ಒಂದೆರಡು ದಿನ ಹಿಡಿಯುತ್ತಿತ್ತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಕ್ಲಿಯರಿಂಗ್ ಪದ್ಧತಿ ಬದಲಿಸಿದ ಮೇಲೆ ಬೆಳಗ್ಗೆ ಹಾಕಿದ್ದು ಅದೇ ದಿನ ಇತ್ಯರ್ಥವಾಗುತ್ತದೆ. ಆ ಸಂದು ಈಗಿಲ್ಲ.

ಹಪ್ಪಳ ತಂದುಕೊಡುವ ಅಕ್ಕನಿಗೆ ಮಾತ್ರ ಈ ಪದ್ಧತಿ ಹೊಂದಲಿಲ್ಲ. ಅವರು ಉದ್ದದ ಮೆಸೇಜು ಓದುವುದಿಲ್ಲ. ಅವರಿಗೆ ‘ಅಕ್ಕಾ, 60 ಕಟ್ಟಿನ ದುಡ್ಡು ₹2,340, ಬುಧವಾರ 6ನೇ ತಾರೀಕು ಮಧ್ಯಾಹ್ನ ಬನ್ನಿ’ ಅಂತ ಧ್ವನಿ ಮೆಸೇಜು. ಧ್ವನಿಯನ್ನ ಆಮೇಲೆ ಹುಡುಕುವುದು ಕಷ್ಟ, ಅದಕ್ಕೇ ಅದರ ಕೆಳಗೆ ‘2,340, ಆಗಸ್ಟ್ 6’ ಅಂತ ಅಂಕಿ ಮಾತ್ರ. ಅಂಕಿ ಅವರು ಚೆನ್ನಾಗಿಯೇ ಓದುತ್ತಾರೆ.

ಆಗಸ್ಟ್ 13ರ ಸಂಜೆ ಕೊನೆಯ ₹22,900 ಹೋಯಿತು. ಯಜಮಾನರು ತಾವೇ ಬರೆದರು, ನನಗೆ ಆಮೇಲೆ ತೋರಿಸಿದರು: ಮೊತ್ತ, ಯುಟಿಆರ್, ‘ಜೂನ್ 28ರ ಬಿಲ್ 503 ಚುಕ್ತಾ ಅಂತ ಹಾಕಿ’. ಗುಮಾಸ್ತನ ಉತ್ತರ ಎರಡೇ ನಿಮಿಷಕ್ಕೆ ಬಂತು: ‘503 ಚುಕ್ತಾ. 574, ₹41,300. ಯಾವ ಬುಧವಾರ ಯಜಮಾನ್ರೇ?’